ಎನ್‌ಎಂಎಂಎಸ್ ಪ್ರಕಟಣೆಯನ್ನು ಕೊನೆಯ ಪುಟದಿಂದ ಓದಿ

ಓದುಗರ ಪತ್ರ: ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಂಟನೇ ತರಗತಿ. ಏಳನೆಯದರಲ್ಲಿ ಶೇ. 57 ಬಂದಿದೆ. ನಾವು 2ಎ ಪ್ರವರ್ಗ, ಒಕ್ಕಲುತನ. ಮೇಷ್ಟ್ರು ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆಯ ಪ್ರಕಟಣೆಯ ಜೆರಾಕ್ಸ್ ಕೊಟ್ಟಿದ್ದಾರೆ, ಓದಿದರೆ ತಲೆಬುಡ ತಿಳಿಯುತ್ತಿಲ್ಲ. ಇವಳಿಗೆ ಅರ್ಹತೆ ಇದೆಯೇ? ಯಾವ ಕಾಗದ ಮಾಡಿಸಬೇಕು? ಹಿಂದಿನ ವರ್ಷ ಆಯ್ಕೆಯಾದ ಪಕ್ಕದ ಮನೆಯ ಹುಡುಗನಿಗೆ ಇನ್ನೂ ಹಣವೇ ಬಂದಿಲ್ಲ. ಯಾಕೆ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ: ನಿಮ್ಮ ಮೂರನೆಯ ಪ್ರಶ್ನೆಯಲ್ಲೇ ಮೊದಲೆರಡಕ್ಕೂ ದಾರಿಯಿದೆ. ಈ ಪ್ರಕಟಣೆಯನ್ನು ಎಲ್ಲರೂ ಪರೀಕ್ಷೆಯ ಪ್ರಕಟಣೆ ಎಂದೇ ಓದುತ್ತಾರೆ. ಅರ್ಜಿಯ ಕೊನೆಯ ದಿನಾಂಕ, ಪರೀಕ್ಷೆಯ ದಿನಾಂಕ ನೋಡಿ ಮಡಚಿಡುತ್ತಾರೆ. ಹಣ ಬರುವ ದಾರಿ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ತಿಳಿದುಕೊಂಡು ಮುಂದಿನ ಪುಟಗಳಿಗೆ ಬಂದರೆ, ಯಾವ ಕಾಗದ ಯಾಕೆ ಕೇಳಿದ್ದಾರೆ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಅರ್ಹತೆ ಮುಗಿಸೋಣ. ಏಳನೇ ತರಗತಿಯಲ್ಲಿ ಕನಿಷ್ಠ ಶೇ. 55 ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 50 ಸಾಕು. ಈ ರಿಯಾಯಿತಿ 2ಎ ಪ್ರವರ್ಗಕ್ಕೆ ಇಲ್ಲ. ಹಾಗಾಗಿ ನಿಮ್ಮ ಮಗಳು 57ರಿಂದಲೇ ಒಳಗೆ ಬರುತ್ತಾಳೆ, 54 ಆಗಿದ್ದರೆ ಬರುತ್ತಿರಲಿಲ್ಲ. ತಂದೆ ತಾಯಿಯ ಎಲ್ಲ ಮೂಲದ ವಾರ್ಷಿಕ ಆದಾಯ ಸೇರಿ ₹3,50,000 ಮೀರಬಾರದು. ಶಾಲೆ ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯದಾಗಿರಬೇಕು. ಹಳ್ಳಿಯ ಪೋಷಕರು ಹೆಚ್ಚಾಗಿ ಎಡವುವುದು ಇಲ್ಲೇ. ಊಟ ವಸತಿ ಸಮೇತ ಕಲಿಸುವ ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೆ, ಹಾಗೆಯೇ ನವೋದಯ ಮತ್ತು ಕೇಂದ್ರೀಯ ವಿದ್ಯಾಲಯದವರಿಗೆ ಈ ವೇತನ ಇಲ್ಲ. ‘ಸರ್ಕಾರಿ’ ಎಂಬ ಪದ ಕಂಡಾಕ್ಷಣ ಖುಷಿಪಡದೆ ‘ಅರ್ಹರಲ್ಲದವರು’ ಎಂಬ ಸಾಲನ್ನೂ ಓದಬೇಕು. ನಿಮ್ಮದು ಊರಿನ ಶಾಲೆ, ಈ ತೊಡಕಿಲ್ಲ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ: ಬೌದ್ಧಿಕ ಸಾಮರ್ಥ್ಯದ್ದೊಂದು, ಪಾಠದ ವಿಷಯಗಳದ್ದೊಂದು. ತಲಾ 90 ಪ್ರಶ್ನೆ, 90 ಅಂಕ. ಎರಡೂ ಸೇರಿ 180ಕ್ಕೆ ಶೇ. 40, ಅಂದರೆ 72 ಅಂಕ ಬೇಕು. ಪರಿಶಿಷ್ಟರಿಗೆ ಶೇ. 32. ನಿಮ್ಮ ಮಗಳು ಮೊದಲನೆಯದರಲ್ಲಿ 34, ಎರಡನೆಯದರಲ್ಲಿ 41 ತೆಗೆದಳು ಎನ್ನಿ. ಒಟ್ಟು 75, ಅರ್ಹತೆಯ ಗೆರೆ ದಾಟಿದಳು. ಅಷ್ಟಕ್ಕೇ ಆಯ್ಕೆಯಾಗುವುದಿಲ್ಲ. ರಾಜ್ಯಕ್ಕೆ ಕೊಟ್ಟಿರುವ ಸಂಖ್ಯೆಯೊಳಗೆ, ಮೀಸಲಾತಿಯ ಲೆಕ್ಕದಲ್ಲಿ, ಹೆಚ್ಚು ಅಂಕದಿಂದ ಕೆಳಗೆ ಪಟ್ಟಿ ಇಳಿಯುತ್ತದೆ. ಪ್ರಕಟಣೆಯಲ್ಲಿ ‘ಅರ್ಹತಾ ಅಂಕ’ ಎಂದಿದ್ದರೆ ಅದನ್ನು ‘ಆಯ್ಕೆಯ ಅಂಕ’ ಎಂದು ಓದಿಕೊಳ್ಳಬೇಡಿ. 2ಎ ಪ್ರಮಾಣಪತ್ರಕ್ಕೆ ಬೆಲೆ ಬರುವುದೂ ಈ ಪಟ್ಟಿಯಲ್ಲೇ.

ಇನ್ನು ಕೊನೆಯ ಪುಟ. ಪರೀಕ್ಷೆ ಎಂಟನೆಯ ತರಗತಿಯಲ್ಲಿ, ಹಣ ಶುರುವಾಗುವುದು ಒಂಬತ್ತರಲ್ಲಿ. ವರ್ಷಕ್ಕೆ ₹12,000, ಹನ್ನೆರಡನೆಯ ತರಗತಿಯವರೆಗೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಹಣ ಹಾಕುವುದಿಲ್ಲ. ಒಂಬತ್ತಕ್ಕೆ ಸೇರಿದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (scholarships.gov.in) ಬೇರೆಯದೇ ಅರ್ಜಿ ಹಾಕಬೇಕು. ಅದನ್ನು ಮೊದಲು ಶಾಲೆ, ಆಮೇಲೆ ಜಿಲ್ಲಾ ಹಂತದ ಅಧಿಕಾರಿ ಪರಿಶೀಲಿಸಿ ಒಪ್ಪಬೇಕು. ಈ ಮೂರಕ್ಕೂ ಬೇರೆ ಬೇರೆ ಕೊನೆಯ ದಿನಾಂಕ.

ನಿಮ್ಮ ಮಗಳ ವಿಚಾರದಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. ಅವಳು ಓದುತ್ತಿರುವುದು ಹಿರಿಯ ಪ್ರಾಥಮಿಕ ಶಾಲೆ. ಒಂಬತ್ತಕ್ಕೆ ಬೇರೆ ಪ್ರೌಢಶಾಲೆಗೆ ಹೋಗಲೇಬೇಕು. ಪರೀಕ್ಷೆ ಕಟ್ಟಿಸಿದ್ದು ಹಳೆಯ ಶಾಲೆ, ಆಯ್ಕೆಯ ಸುದ್ದಿ ಬರುವುದೂ ಅಲ್ಲಿಗೇ. ಪೋರ್ಟಲ್‌ನ ಅರ್ಜಿ ಹೋಗಬೇಕಾದದ್ದು ಮಾತ್ರ ಹೊಸ ಶಾಲೆಗೆ. ಹಳೆಯ ಮೇಷ್ಟ್ರು ‘ನಮ್ಮ ಕೆಲಸ ಮುಗಿಯಿತು’ ಎಂದುಕೊಂಡಿರುತ್ತಾರೆ, ಹೊಸಬರಿಗೆ ಹುಡುಗಿ ಆಯ್ಕೆಯಾದದ್ದೇ ಗೊತ್ತಿರುವುದಿಲ್ಲ. ಫಲಿತಾಂಶದ ಪ್ರತಿ ಮತ್ತು ಪ್ರವೇಶಪತ್ರವನ್ನು ಜೋಪಾನ ಮಾಡಿ, ಪ್ರೌಢಶಾಲೆಗೆ ಸೇರಿಸುವ ದಿನವೇ ಮುಖ್ಯ ಶಿಕ್ಷಕರ ಕೈಗೆ ಒಂದೊಂದು ಜೆರಾಕ್ಸ್ ಕೊಡಿ. ಅರ್ಜಿ ತುಂಬುವಾಗ ಶಾಲೆಯನ್ನು ಹೆಸರಿನಿಂದ ಆರಿಸಬೇಡಿ, ಒಂದೇ ಹೆಸರಿನ ಶಾಲೆಗಳು ತಾಲ್ಲೂಕಿನಲ್ಲಿ ಹಲವಿರುತ್ತವೆ. ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ ಕೇಳಿ ತಾಳೆ ನೋಡಿ. ತಪ್ಪು ಶಾಲೆಯ ಲಾಗಿನ್‌ಗೆ ಹೋದ ಅರ್ಜಿಯನ್ನು ಅಲ್ಲಿ ಯಾರೂ ಒಪ್ಪುವುದಿಲ್ಲ.

ಪಕ್ಕದ ಮನೆಯ ಹುಡುಗನ ಅರ್ಜಿಯ ಸ್ಥಿತಿಯನ್ನು ಪೋರ್ಟಲ್‌ನಲ್ಲಿ ತೆರೆದು ನೋಡಲು ಹೇಳಿ. ಅರ್ಜಿಯೇ ಕಾಣದಿದ್ದರೆ ಹಾಕಿಲ್ಲ ಎಂದರ್ಥ. ಶಾಲೆಯ ಹಂತದಲ್ಲೇ ಬಾಕಿ ಎಂದಿದ್ದರೆ ಮುಖ್ಯ ಶಿಕ್ಷಕರನ್ನು ಕಾಣಬೇಕು. ದೋಷವಿದೆ ಎಂದು ವಾಪಸು ಬಂದಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕಿತ್ತು, ಬಹಳ ಮಂದಿ ಇದನ್ನು ನೋಡುವುದೇ ಇಲ್ಲ. ಎರಡೂ ಹಂತ ಒಪ್ಪಿಗೆಯಾಗಿ ಹಣ ಮಾತ್ರ ಬಂದಿಲ್ಲವೆಂದರೆ ಅನುಮಾನ ಬ್ಯಾಂಕಿನ ಕಡೆಗೆ.

ಬ್ಯಾಂಕಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಎಂದರೆ ಸಾಲದು. ಹಣ ಆಧಾರ್ ಸಂಖ್ಯೆಯ ಜಾಡು ಹಿಡಿದು ಬರುತ್ತದೆ. ಆ ಸಂಖ್ಯೆಗೆ ಯಾವ ಬ್ಯಾಂಕ್ ಎಂಬುದು, ಬ್ಯಾಂಕುಗಳ ನಡುವಿನ ಹಣ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಜೋಡಣೆಯಾಗಿರಬೇಕು. ಇದಕ್ಕೆ ಬ್ಯಾಂಕಿನಲ್ಲಿ ಬೇರೆ ಒಪ್ಪಿಗೆ ಫಾರಂ ಇರುತ್ತದೆ. ಮಗುವಿಗೆ ಎರಡು ಖಾತೆ ಇದ್ದರೆ ಕೊನೆಗೆ ಜೋಡಣೆಯಾದ ಬ್ಯಾಂಕಿಗೆ ಹಣ ಹೋಗುತ್ತದೆ. ನೀವು ಒಂದು ಪಾಸ್‌ಬುಕ್ ಎಂಟ್ರಿ ಮಾಡಿಸುತ್ತ ಕೂತಿರುತ್ತೀರಿ, ದುಡ್ಡು ಇನ್ನೊಂದರಲ್ಲಿರುತ್ತದೆ. ಆಧಾರ್‌ನ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ Bank Seeding Status ಒತ್ತಿದರೆ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸಿರಬೇಕು ಅಷ್ಟೆ.

ಈಗ ಕಾಗದಗಳಿಗೆ ಬನ್ನಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿ. ಹಳೆಯದಿದ್ದರೆ ಅದರ ಮೇಲೆ ಅಚ್ಚಾಗಿರುವ ಸಿಂಧುತ್ವದ ಅವಧಿ ನೋಡಿ. ಪರೀಕ್ಷೆಯ ದಿನದವರೆಗೆ ಇದ್ದರೆ ಸಾಲದು, ಒಂಬತ್ತನೆಯ ತರಗತಿಯ ಅರ್ಜಿಯವರೆಗೂ ಇರಬೇಕು. ಇದರ ಜೊತೆಗೆ ಏಳನೆಯ ತರಗತಿಯ ಅಂಕಪಟ್ಟಿ, ಆಧಾರ್, ಭಾವಚಿತ್ರ. ಇವನ್ನೆಲ್ಲ ಒಂದು ಸಂಜೆ ಸಾಲಾಗಿ ಹರಡಿ, ಹೆಸರು ಮತ್ತು ಜನ್ಮದಿನಾಂಕ ಮಾತ್ರ ಓದುತ್ತ ಹೋಗಿ. ಶಾಲೆಯಲ್ಲಿ ‘ಕಾವ್ಯ ಬಿ.’, ಆಧಾರ್‌ನಲ್ಲಿ ‘ಕಾವ್ಯಾ ಬಸಪ್ಪ’, ಆದಾಯ ಪತ್ರದಲ್ಲಿ ತಂದೆ ‘ಬಸವರಾಜ’ ಎಂದಿದ್ದರೆ ಈಗಲೇ ಸರಿಪಡಿಸಬೇಕು. ಆಧಾರ್‌ನಲ್ಲಿ ಸಾಮಾನ್ಯವಾಗಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. ಆದ್ದರಿಂದ ಅವಸರಕ್ಕೆ ಆಧಾರ್ ಕೇಂದ್ರಕ್ಕೆ ಓಡಬೇಡಿ. ಜನನ ಪ್ರಮಾಣಪತ್ರ ಮುಂದಿಟ್ಟುಕೊಂಡು ತಪ್ಪು ಯಾವುದರಲ್ಲಿದೆ ಎಂದು ನೋಡಿ, ಅದನ್ನೇ ತಿದ್ದಿಸಿ. ಶಾಲೆಯ ದಾಖಲೆಯಲ್ಲಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗುವ ಮೊದಲು ಆಗಿಬಿಡಬೇಕು.

ವೇತನ ಒಮ್ಮೆ ಶುರುವಾದರೆ ನಾಲ್ಕು ವರ್ಷ ತಾನಾಗಿ ಬರುವುದಿಲ್ಲ. ಪ್ರತಿ ವರ್ಷ ಪೋರ್ಟಲ್‌ನಲ್ಲಿ ನವೀಕರಣದ ಅರ್ಜಿ ಹಾಕಬೇಕು. ಎಂಟನೆಯದರಲ್ಲೂ ಶೇ. 55 ಇರಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಶೇ. 60 ಬಂದರೆ ಮಾತ್ರ ಪಿಯುಸಿಗೆ ಮುಂದುವರಿಯುತ್ತದೆ, ಪರಿಶಿಷ್ಟರಿಗೆ ಶೇ. 55. ಆ ಪಿಯುಸಿಯೂ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲೇ ಆಗಬೇಕು. ಡಿಪ್ಲೊಮಾಗೆ ಸೇರಿದರೂ, ಪೂರ್ತಿ ಖಾಸಗಿ ಕಾಲೇಜಿಗೆ ಸೇರಿದರೂ ಉಳಿದ ಎರಡು ವರ್ಷದ ₹24,000 ನಿಲ್ಲುತ್ತದೆ. ಕಾಲೇಜು ಆರಿಸುವಾಗ ಫೀಸಿನ ಲೆಕ್ಕಕ್ಕೆ ಈ ಮೊತ್ತವನ್ನೂ ಸೇರಿಸಿ ನೋಡಿ.