‘ಬೆನ್ನುನೋವು ಸಂಪೂರ್ಣ ಗುಣ’ ಎಂದು ಬರೆಯಬೇಡಿ

ಪ್ರಶ್ನೆ: ಮುಂದಿನ ತಿಂಗಳು ಆನ್‌ಲೈನ್ ಯೋಗದ ಹೊಸ ಬ್ಯಾಚ್ ಆರಂಭಿಸುತ್ತಿದ್ದೇನೆ. ಪ್ರಕಟಣೆಯಲ್ಲಿ ‘ಎಂಟು ವಾರಗಳಲ್ಲಿ ಬೆನ್ನುನೋವು ಸಂಪೂರ್ಣ ಗುಣ, ಮಾತ್ರೆಗಳಿಂದ ಮುಕ್ತಿ’ ಎಂದು ಬರೆದಿದ್ದೇನೆ. ನನ್ನ ಹಲವು ಶಿಷ್ಯರಿಗೆ ನಿಜವಾಗಿಯೂ ಗುಣವಾಗಿದೆ. ಹೀಗೆ ಬರೆದರೆ ತಪ್ಪೇನು?

ಉತ್ತರ: ಯೋಗ ಶಿಕ್ಷಕರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದಾದ್ದರಿಂದ, ಈ ಬಾರಿ ಇದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ನಿಮ್ಮ ಶಿಷ್ಯರ ನೋವು ಕಡಿಮೆಯಾದದ್ದು ಸುಳ್ಳಲ್ಲ, ಆದರೆ ಅದಕ್ಕೆ ನಿಮ್ಮ ತರಗತಿಯೇ ಕಾರಣ ಎನ್ನಲು ಆಧಾರವಿಲ್ಲ. ಭಾರ ಎತ್ತಿದಾಗಲೋ ಸೊಂಟ ತಿರುಗಿಸಿದಾಗಲೋ ಹಠಾತ್ತನೆ ಹಿಡಿದುಕೊಂಡ ನೋವು, ಹೆಚ್ಚಿನವರಲ್ಲಿ ವಿಶೇಷ ಚಿಕಿತ್ಸೆಯಿಲ್ಲದೆಯೂ ಕೆಲವು ವಾರಗಳಲ್ಲಿ ಇಳಿಯುತ್ತದೆ. ಜನರು ತರಗತಿ ಹುಡುಕುವುದು ನೋವು ತೀರಾ ಹೆಚ್ಚಾದಾಗ. ಹಾಗಾಗಿ ಎಂಟು ವಾರಗಳ ಬಳಿಕ ಅವರನ್ನು ಕೇಳಿದರೆ, ನೀವು ಏನನ್ನೇ ಹೇಳಿಕೊಟ್ಟಿದ್ದರೂ ಬಹುಮಂದಿ ಪರವಾಗಿಲ್ಲ ಎಂದೇ ಹೇಳುತ್ತಾರೆ.

12 ವಾರಗಳಿಗಿಂತ ಹೆಚ್ಚು ಕಾಲ ಉಳಿದ ದೀರ್ಘಕಾಲದ ಸೊಂಟನೋವಿನ ವಿಷಯ ಬೇರೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯು 2017ರ ತನ್ನ ಮಾರ್ಗಸೂಚಿಯಲ್ಲಿ, ಇಂಥ ನೋವಿಗೆ ಔಷಧಿಗಿಂತ ಮೊದಲು ಪ್ರಯತ್ನಿಸಬಹುದಾದ ಕ್ರಮಗಳಲ್ಲಿ ಯೋಗವನ್ನೂ ಸೇರಿಸಿದೆ. ವ್ಯಾಯಾಮವನ್ನೇ ಮಾಡದವರಿಗೆ ಹೋಲಿಸಿದರೆ ಯೋಗ ಮಾಡಿದವರ ಓಡಾಟ ಮತ್ತು ದಿನನಿತ್ಯದ ಕೆಲಸಗಳು ಮೂರರಿಂದ ಆರು ತಿಂಗಳಲ್ಲಿ ಸ್ವಲ್ಪ ಸುಧಾರಿಸುತ್ತವೆ. ಬೆನ್ನಿಗೆಂದೇ ಇರುವ ಇತರ ವ್ಯಾಯಾಮಗಳಿಗೆ ಹೋಲಿಸಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಕೆಲವರಲ್ಲಿ ನೋವು ಹೆಚ್ಚಾಗುವುದೂ ಉಂಟು. ನೀವು ಹೇಳಬಹುದಾದದ್ದು ಇಷ್ಟು, ಮತ್ತು ಇದು ಕಡಿಮೆಯೇನಲ್ಲ.

‘ಗುಣ’ ಎಂಬ ಪದ ಮಾಡುವ ಹಾನಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂಳೆ ಸವಕಳಿಯಿದ್ದ, ಅರವತ್ತು ದಾಟಿದ ಮಹಿಳೆಯೊಬ್ಬರು ಇಂಥದೇ ಪ್ರಕಟಣೆ ನೋಡಿ ಆನ್‌ಲೈನ್ ತರಗತಿಗೆ ಸೇರಿದ್ದರು. ಸೇರುವಾಗ ಮೂಳೆಯ ಬಗ್ಗೆ ಯಾರೂ ಕೇಳಲಿಲ್ಲ. ಪಶ್ಚಿಮೋತ್ತಾನಾಸನದಲ್ಲಿ ಪಾದ ಹಿಡಿಯಲು ಜಗ್ಗಿದಾಗ ಅವರ ಬೆನ್ನಿನ ನಡುವೆ ಚುಚ್ಚಿದಂತಾಯಿತು. ಗುಣವಾಗುವ ಮುನ್ನ ನೋವು ಬರುವುದು ಸಹಜವೆಂದು ನಂಬಿ ಹತ್ತು ದಿನ ಅಭ್ಯಾಸ ಮುಂದುವರಿಸಿದರು. ಎಕ್ಸ್-ರೇಯಲ್ಲಿ ಕಂಡದ್ದು ಕುಸಿದ ಕಶೇರು. ಬೆನ್ನನ್ನು ದುಂಡಗೆ ಬಾಗಿಸಿದಾಗ ಕಶೇರುಗಳ ಮುಂಭಾಗದ ಮೇಲೆ ಒತ್ತಡ ಹೆಚ್ಚುತ್ತದೆ, ಸವೆದ ಮೂಳೆ ಅದನ್ನು ತಾಳಿಕೊಳ್ಳದೆ ಹೋಗಬಹುದು. ಎದುರಿನಿಂದ ಹಿಡಿದ ಕ್ಯಾಮೆರಾದಲ್ಲಿ, ಅದರಲ್ಲೂ ಪರದೆಯ ತುಂಬ ಪುಟ್ಟ ಚೌಕಗಳಿರುವಾಗ, ಯಾರ ಬೆನ್ನು ದುಂಡಾಗಿದೆ ಎಂಬುದು ಶಿಕ್ಷಕರಿಗೆ ಕಾಣುವುದೇ ಇಲ್ಲ.

ಆದ್ದರಿಂದ ನಿಮ್ಮ ಸಾಲನ್ನು ಹೀಗೆ ತಿದ್ದಿಕೊಳ್ಳಿ: ‘ದೀರ್ಘಕಾಲದ ಸಾಮಾನ್ಯ ಸೊಂಟನೋವು ಇರುವವರಿಗೆ, ಕ್ರಮಬದ್ಧ ಅಭ್ಯಾಸದಿಂದ ನೋವು ಸ್ವಲ್ಪ ಕಡಿಮೆಯಾಗಿ ದೈನಂದಿನ ಚಲನೆ ಸುಲಭವಾಗಬಹುದು. ಇದು ಚಿಕಿತ್ಸೆಗೆ ಬದಲಿಯಲ್ಲ. ವೈದ್ಯರು ಕೊಟ್ಟ ಔಷಧಿಯನ್ನು ನಮ್ಮ ಮಾತಿನಿಂದ ಕಡಿಮೆ ಮಾಡಬೇಡಿ ಅಥವಾ ನಿಲ್ಲಿಸಬೇಡಿ. ಒಂದು ಬ್ಯಾಚಿನಲ್ಲಿ ಹನ್ನೆರಡು ಜನ ಮಾತ್ರ. ಕ್ಯಾಮೆರಾವನ್ನು ಪಕ್ಕದಿಂದ, ಇಡೀ ದೇಹ ಕಾಣುವಂತೆ ಇಡಬೇಕು.’ ಹನ್ನೆರಡು ಎಂಬುದು ನನ್ನ ಎಚ್ಚರಿಕೆಯ ಲೆಕ್ಕ. ನೀವು ನಿಜಕ್ಕೂ ಗಮನಿಸಬಲ್ಲಷ್ಟು ಜನರ ಸಂಖ್ಯೆಯನ್ನು ಬರೆಯಿರಿ. ‘ಮಾತ್ರೆಗಳಿಂದ ಮುಕ್ತಿ’ ಎಂಬುದನ್ನು ತಿದ್ದುವುದು ಬೇಡ, ತೆಗೆದುಹಾಕಿ.

ಇದರ ಕೆಳಗೆ, ಸಣ್ಣ ಅಕ್ಷರಗಳಲ್ಲಲ್ಲ, ಮೊದಲು ವೈದ್ಯರನ್ನು ಕಾಣಬೇಕಾದವರು ಯಾರೆಂದು ಬರೆಯಿರಿ: ಬಿದ್ದ ನಂತರ ನೋವು ಶುರುವಾದವರು, ಕಾಲಿನ ಶಕ್ತಿ ಕುಂದುತ್ತಿರುವವರು, ನೋವಿನ ಜೊತೆ ಜ್ವರ ಅಥವಾ ಕಾರಣವಿಲ್ಲದ ತೂಕ ಇಳಿಕೆ ಇರುವವರು, ಹಿಂದೆ ಕ್ಯಾನ್ಸರ್ ಆಗಿದ್ದವರು, ಮೂಳೆ ಸವಕಳಿ ಇರುವವರು. ಮಲಮೂತ್ರದ ಹಿಡಿತ ತಪ್ಪಿದವರು ಅಥವಾ ತೊಡೆಸಂದಿ ಜೋಮು ಹಿಡಿದವರು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಸರ್ವಾಂಗಾಸನದಿಂದ ಥೈರಾಯ್ಡ್ ಸರಿಹೋಗುತ್ತದೆ ಎಂದು ಬರೆಯಬಹುದೇ?

ಉತ್ತರ: ಬೇಡ, ಕುತ್ತಿಗೆಯನ್ನು ಒತ್ತಿದ ಮಾತ್ರಕ್ಕೆ ಕುಂದಿದ ಗ್ರಂಥಿ ಹಾರ್ಮೋನು ಸುರಿಸುವುದಿಲ್ಲ, ಈ ಮಾತು ನಂಬಿ ಮಾತ್ರೆ ಬಿಟ್ಟವರಿಗೆ ತೊಂದರೆ ಖಂಡಿತ.

ಪ್ರಶ್ನೆ: ಶಿಷ್ಯೆಯೊಬ್ಬರ ಸಕ್ಕರೆ ಪರೀಕ್ಷೆಯ ವರದಿಯನ್ನು ಪ್ರಕಟಣೆಯಲ್ಲಿ ಹಾಕಲು ಅವರೇ ಒಪ್ಪಿದ್ದಾರೆ. ಹಾಕಲೇ?

ಉತ್ತರ: ಅವರು ಒಪ್ಪಿದರೂ ಹಾಕಬೇಡಿ, ಏಕೆಂದರೆ ಆ ಅವಧಿಯಲ್ಲಿ ಅವರು ತೆಗೆದುಕೊಂಡ ಔಷಧಿಯೂ ಬದಲಿಸಿದ ಆಹಾರವೂ ಆ ಕಾಗದದಲ್ಲಿ ಇರುವುದಿಲ್ಲ.