ಅರೆ ತುಂಬಿದ ಒಳಚರಂಡಿ ಕೊಳವೆಯಲ್ಲಿ ವೇಗ ಸಾಕೇ?

"200 ಮಿ.ಮೀ. ಕೊಳವೆ, 250ಕ್ಕೆ 1 ಇಳಿಜಾರು. ತುಂಬಿ ಹರಿದರೆ ಸೆಕೆಂಡಿಗೆ 0.66 ಮೀಟರ್ ವೇಗ ಬರುತ್ತೆ, ಆದರೆ ಮೊದಲ ವರ್ಷಗಳ ಗರಿಷ್ಠ ಹರಿವು ಸೆಕೆಂಡಿಗೆ 2 ಲೀಟರ್ ಅಷ್ಟೇ. ಹೂಳು ಕೂರುತ್ತಾ?"

ಕೂರುತ್ತೆ ಸರ್. ಕೊಳವೆಯ ಒಳಮೈ ಎಷ್ಟು ಒರಟು ಅಂತ ಹೇಳೋ ಮ್ಯಾನಿಂಗ್ ಗುಣಾಂಕ 0.013 ಹಿಡಿದರೆ ತುಂಬಿದ ಕೊಳವೆ ಸೆಕೆಂಡಿಗೆ ಸುಮಾರು 20.7 ಲೀಟರ್ ಒಯ್ಯುತ್ತೆ. ನಿಮ್ಮ ಹರಿವು ಅದರ ಹತ್ತನೇ ಒಂದು ಭಾಗ ಮಾತ್ರ. ಆಗ ನೀರಿನ ಆಳ ಸುಮಾರು 42 ಮಿ.ಮೀ., ವೇಗ 0.42 ಮೀಟರ್. ಮರಳು ತಳ್ಳಲು ದಿನಕ್ಕೊಮ್ಮೆಯಾದರೂ 0.6 ಬೇಕು. ಅರ್ಧ ತುಂಬಿದರೂ ಪೂರ್ಣ ವೇಗವೇ ಸಿಗುತ್ತೆ ಅನ್ನೋದು ನಿಜ, ಆದರೆ ನಿಮ್ಮದು ಅರ್ಧದ ಹತ್ತಿರವೂ ಇಲ್ಲ.

ಕೊಳವೆ ದೊಡ್ಡದು ಮಾಡೋ ಆಸೆ ಬೇಡ, 250 ಮಿ.ಮೀ. ಹಾಕಿದರೆ ವೇಗ ಇನ್ನೂ ತುಸು ಇಳಿಯುತ್ತೆ. ಇಳಿಜಾರನ್ನು 90ಕ್ಕೆ 1 ಮಾಡಿದರೆ 0.6 ಸಿಗುತ್ತೆ. ಅಗೆತದ ಆಳ ಅದಕ್ಕೆ ಒಪ್ಪದಿದ್ದರೆ, ಮೇಲ್ತುದಿಯ ಮ್ಯಾನ್‌ಹೋಲ್‌ನಿಂದ ಆಗಾಗ ನೀರು ನುಗ್ಗಿಸಿ ತೊಳೆಯಲೇಬೇಕು.