ವಿಡಿಯೊ ಕರೆಗೆ ಆದ್ಯತೆ ಕೊಟ್ಟರೂ ಧ್ವನಿ ತುಂಡಾಗುವುದೇಕೆ?

"ರೌಟರಿನ QoS ಪುಟದಲ್ಲಿ ನನ್ನ ಲ್ಯಾಪ್‌ಟಾಪಿಗೆ ಆದ್ಯತೆ ಕೊಟ್ಟಿದ್ದೇನೆ. ಆದರೂ ಮನೆಯವರ ಮೊಬೈಲಿನ ಫೋಟೊಗಳು ಬ್ಯಾಕಪ್ ಆಗುವಾಗ ಮೀಟಿಂಗಿನಲ್ಲಿ ನನ್ನ ಧ್ವನಿ ತುಂಡಾಗುತ್ತದೆ. ಏನು ಬಿಟ್ಟಿದ್ದೇನೆ?"

ಅದೇ ಪುಟದಲ್ಲಿ ಒಟ್ಟು ಬ್ಯಾಂಡ್‌ವಿಡ್ತ್ ಎಷ್ಟು ಎಂದು ಕೇಳುವ ಖಾನೆಗಳನ್ನು ನೋಡಿ. ನಾನು ಅಲ್ಲಿ ಮೊದಲಿನಿಂದಲೇ ತುಂಬಿದ್ದ 100 ಅನ್ನು ಹಾಗೆಯೇ ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಅಪ್‌ಲೋಡ್ ನಿಜವಾಗಿ ಸಿಗುತ್ತಿದ್ದುದು 10 ಎಂಬಿಪಿಎಸ್ ಮಾತ್ರ. ಹಾದಿಯಲ್ಲಿ ಇನ್ನೂ ಬೇಕಾದಷ್ಟು ಜಾಗವಿದೆ ಎಂದು ನಂಬಿದ ರೌಟರ್ ಯಾರನ್ನೂ ತಡೆಯದೆ ಎಲ್ಲವನ್ನೂ ಮೋಡೆಮ್‌ಗೆ ದಾಟಿಸುತ್ತಿತ್ತು. ಸರದಿ ಸಾಲು ಬೆಳೆಯುತ್ತಿದ್ದುದು ಮೋಡೆಮ್‌ನಲ್ಲಿ. ನೀವು ಕೊಟ್ಟ ಆದ್ಯತೆ ಅದಕ್ಕೆ ಗೊತ್ತೇ ಇಲ್ಲ. ಅಲ್ಲಿ 500 ಕಿಲೋಬೈಟ್ ಫೋಟೊ ಕಾದು ನಿಂತರೆ ಅದು 4 ಮೆಗಾಬಿಟ್; 10 ಎಂಬಿಪಿಎಸ್‌ನಲ್ಲಿ ಅದು ಕರಗಲು 400 ಮಿಲಿಸೆಕೆಂಡು ಬೇಕು. ನಿಮ್ಮ ಮಾತು ಅದರ ಹಿಂದೆ ನಿಂತಿರುತ್ತದೆ.

ಆದ್ದರಿಂದ ಸಾಲನ್ನು ರೌಟರಿನೊಳಗೇ ನಿಲ್ಲಿಸಬೇಕು. ಮೊದಲು QoS ಆಫ್ ಮಾಡಿ, ಕೇಬಲ್ ಮೂಲಕ ಮೂರು ನಾಲ್ಕು ಬಾರಿ ವೇಗ ಅಳೆಯಿರಿ. ಕರೆಗಳು ಹೆಚ್ಚಿರುವ ಹೊತ್ತಿನಲ್ಲೇ ಅಳೆಯುವುದು ಒಳ್ಳೆಯದು. QoS ಮತ್ತೆ ಆನ್ ಮಾಡಿ, ಸಿಕ್ಕ ಕನಿಷ್ಠ ಸಂಖ್ಯೆಯ ಶೇ 90ರಷ್ಟನ್ನು ಆ ಖಾನೆಯಲ್ಲಿ ಬರೆಯಿರಿ. ನಾನು ಅಪ್‌ಲೋಡ್‌ಗೆ 9 ಎಂದು ಬರೆದೆ. ಕೆಲವು ರೌಟರುಗಳು ಕೆಬಿಪಿಎಸ್‌ನಲ್ಲಿ ಕೇಳುತ್ತವೆ, ಅಲ್ಲಿ 9000. ಡೌನ್‌ಲೋಡ್‌ಗೂ ಹೀಗೆಯೇ ಮಾಡಿ, ಆದರೆ ಆ ಸಾಲು ಸೇವಾದಾರರ ಕಡೆ ಬೆಳೆಯುವುದರಿಂದ ಹಿಡಿತ ಅಷ್ಟು ಬಿಗಿಯಾಗಿರುವುದಿಲ್ಲ.

ನಂತರ ಬ್ಯಾಕಪ್ ನಡೆಯುತ್ತಿರುವಾಗಲೇ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಇದನ್ನು ಓಡಿಸಿ:

```
ping -t 8.8.8.8
```

ಮೊದಲು ನನಗೆ ಸಮಯ 15 ಮಿಲಿಸೆಕೆಂಡಿನಿಂದ 400 ದಾಟುತ್ತಿತ್ತು. 9 ಬರೆದ ಮೇಲೆ 30ರ ಆಸುಪಾಸಿನಲ್ಲಿ ನಿಂತಿತು. ನಿಮ್ಮಲ್ಲಿ ಇನ್ನೂ ಏರುತ್ತಿದ್ದರೆ ಸಂಖ್ಯೆಯನ್ನು ಅರ್ಧರ್ಧ ಎಂಬಿಪಿಎಸ್ ಇಳಿಸುತ್ತಾ ಹೋಗಿ. ಆ ಸ್ವಲ್ಪ ವೇಗ ಕಳೆದುಕೊಂಡದ್ದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಫೋಟೊ ಹತ್ತು ನಿಮಿಷ ತಡವಾಗಿ ಹೋದರೆ ಯಾರಿಗೂ ನಷ್ಟವಿಲ್ಲ, ಮಾತು ಅರ್ಧ ಸೆಕೆಂಡು ತಡವಾದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ.

ಒಂದು ಎಚ್ಚರಿಕೆ. ಲ್ಯಾಪ್‌ಟಾಪಿಗೆ ಆದ್ಯತೆ ಕೊಟ್ಟರೆ ಅದರ ಸ್ವಂತ ಬ್ಯಾಕಪ್‌ಗೂ ಅದೇ ಆದ್ಯತೆ ಸಿಗುತ್ತದೆ. ಕರೆಯ ಹೊತ್ತಿನಲ್ಲಿ ಅದನ್ನು ನಿಲ್ಲಿಸಿ. ನಿಮ್ಮ ರೌಟರಿನಲ್ಲಿ SQM ಎಂಬ ಆಯ್ಕೆ ಇದ್ದರೆ (OpenWrt ಎಂಬ ತಂತ್ರಾಂಶ ಹಾಕಿದವುಗಳಲ್ಲಿ ಸಿಗುತ್ತದೆ) ನಾನು ಅದನ್ನೇ ಆರಿಸುತ್ತೇನೆ. ಅದರಲ್ಲಿನ cake ಎಂಬ ಕ್ರಮ ಪ್ರತಿಯೊಂದು ಸಂಪರ್ಕವನ್ನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುವುದರಿಂದ, ಯಾವ ಸಾಧನ ಮುಖ್ಯ ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ. ಅಲ್ಲಿಯೂ ವೇಗದ ಸಂಖ್ಯೆಯನ್ನು ಮಾತ್ರ ಸರಿಯಾಗಿ ಬರೆಯಲೇಬೇಕು.

ಇಷ್ಟಾದರೂ ಧ್ವನಿ ತುಂಡಾದರೆ ರೌಟರಿನ ವಿಳಾಸಕ್ಕೇ, ಸಾಮಾನ್ಯವಾಗಿ 192.168.0.1 ಅಥವಾ 192.168.1.1ಕ್ಕೆ, ಪಿಂಗ್ ಮಾಡಿ. ಅದೇ ನೂರು ಇನ್ನೂರು ಮಿಲಿಸೆಕೆಂಡು ತೋರಿಸಿದರೆ ತೊಂದರೆ ವೈಫೈನಲ್ಲಿದೆ. ಅದನ್ನು ಈ ಸೆಟ್ಟಿಂಗ್ ಸರಿಪಡಿಸುವುದಿಲ್ಲ. ಲ್ಯಾಪ್‌ಟಾಪಿಗೆ ಕೇಬಲ್ ಎಳೆಯಿರಿ.